ನವೀಕರಣದ ಓಲೆ

ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುವ ವ್ಯಾಪಾರಿ, ಹಳೆಯ ಪುಸ್ತಕವನ್ನು ಒಮ್ಮೆ ತಿರುವಿ ನೋಡದೆ ಮುಚ್ಚಿಡುವುದಿಲ್ಲ. ಯಾರಿಂದ ಏನು ಬಂತು, ಯಾರಿಗೆ ಏನು ಹೋಯಿತು ಎಂಬುದು ಅಲ್ಲಿರುತ್ತದೆ. ಮುಂದಿನ ವರ್ಷ ಯಾರೊಡನೆ ವ್ಯವಹಾರ ಇಟ್ಟುಕೊಳ್ಳಬೇಕು ಎಂಬ ತೀರ್ಮಾನವೂ ಅಲ್ಲಿಯೇ ಆಗುತ್ತದೆ. ಸಾಫ್ಟ್‌ವೇರ್ ಮಾರುವವರಿಗೂ ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಬರುತ್ತದೆ. ವಾರ್ಷಿಕ ಒಪ್ಪಂದ ಮುಗಿಯುವ ಮುನ್ನ ಗಿರಾಕಿಗೆ ಬರೆಯುವ ಒಂದು ಇ-ಮೇಲೇ ಆ ಪರೀಕ್ಷೆಯ ಉತ್ತರ ಪತ್ರಿಕೆ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಬೇಳೆ ಮಿಲ್ಲು ಇದೆಯೆಂದು ಇಟ್ಟುಕೊಳ್ಳೋಣ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರು, ಉದ್ದು, ಚಳಿಗಾಲದಲ್ಲಿ ತೊಗರಿ. ಲಾರಿಗಳು ಮೊದಲು ನಿಲ್ಲುವುದು ಕಾಟಾದ ಮೇಲೆ. ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಎರಡರ ನಡುವಿನ ಮಾಲಿನ ತೂಕ. ಮೊದಲು ಇದನ್ನು ಗುಮಾಸ್ತರು ಕೈಯಿಂದ ಬರೆಯುತ್ತಿದ್ದರು. ಕಳೆದ ಏಪ್ರಿಲ್‌ನಿಂದ ಔರಾದ ಕಡೆಯ ಯುವಕನೊಬ್ಬ ಮಾಡಿಕೊಟ್ಟ ತಂತ್ರಾಂಶ ಕಾಟಾದ ಅಂಕಿಯನ್ನು ತಾನೇ ಓದಿ ಚೀಟಿ ಮುದ್ರಿಸುತ್ತದೆ. ವರ್ಷಕ್ಕೆ 36,000 ರೂಪಾಯಿ. ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಯುವಕನಿಗೆ ಇರುವುದೇ ಐದು ಗಿರಾಕಿಗಳು. ಒಬ್ಬರು ಬಿಟ್ಟರೆ ಅವನ ವರ್ಷದ ಅನ್ನದಲ್ಲಿ ಐದನೆಯ ಒಂದು ಪಾಲು ಹೋದ ಹಾಗೆ.

ಆ ಹೆದರಿಕೆಯೇ ಮೊದಲ ಕರಡನ್ನು ಬರೆಯಿಸಿತು. ‘ತಮ್ಮಂಥ ಗಣ್ಯ ಗಿರಾಕಿಗಳ ಸಹಕಾರವೇ ನಮಗೆ ಆಧಾರ. ದಯವಿಟ್ಟು ಈ ವರ್ಷವೂ ಕೈಬಿಡಬಾರದು. ಈಗಲೇ ನವೀಕರಿಸಿದರೆ ಶೇಕಡ 20 ರಿಯಾಯಿತಿ ಕೊಡುತ್ತೇವೆ.’ ನಿವೃತ್ತ ಮಾಸ್ತರರಾದ ಅವನ ತಂದೆ ಕನ್ನಡಕ ಏರಿಸಿ ಓದಿ, ‘ತಮ್ಮಾ, ಇದು ಅರ್ಜಿ ಆಯ್ತು. ನೀ ಏನ್ ಕೆಲಸ ಮಾಡೀದಿ ಅನ್ನೋದೇ ಇದರಾಗ ಇಲ್ಲ’ ಎಂದರು. ಇನ್ನೊಂದು ಮಾತೂ ಹೇಳಿದರು: ‘ಕೇಳೋದಕ್ಕಿಂತ ಮೊದಲೇ ಕಡಿಮಿ ಮಾಡಿದ್ರ, ಹೋದ ವರ್ಷ ಹೆಚ್ಚಿಗಿ ತಗೊಂಡಿದ್ದಿ ಅಂದಂಗ ಆಗ್ತದ.’

ಹಾಗಾದರೆ ಏನನ್ನು ತೋರಿಸಬೇಕು? ಯುವಕ ಲೆಕ್ಕ ಹಾಕಿದ. ಹತ್ತು ತಿಂಗಳಲ್ಲಿ 4,200 ಚೀಟಿ. ಒಂದೊಂದರಲ್ಲಿ ನಾಲ್ಕು ನಿಮಿಷ ಉಳಿತಾಯ. ಒಟ್ಟು 280 ಗಂಟೆ. ಕಾಗದದ ಮೇಲೆ ಇದು ಚೆಂದ ಕಾಣುತ್ತದೆ. ಆದರೆ ಮಾಲೀಕರು ಇದನ್ನು ಓದಿ ನಕ್ಕಾರು. ಗುಮಾಸ್ತರು ಮೊದಲಿನಂತೆಯೇ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ, ಸಂಬಳವೂ ಅಷ್ಟೇ ಇದೆ. ಉಳಿದ ಗಂಟೆಗಳು ಮಾಲೀಕರ ಜೇಬಿಗೆ ಬಂದಿಲ್ಲ. ಗಿರಾಕಿಗೆ ಯಾವುದು ನೋವಾಗಿತ್ತೋ ಅದರ ಲೆಕ್ಕವೇ ಅವರಿಗೆ ಲೆಕ್ಕ. ಈ ಮಿಲ್ಲಿನಲ್ಲಿ ಆ ನೋವು ತೂಕದ ಜಗಳ. ಚೀಟಿಯ ಮೇಲೆ ನಂಬಿಕೆ ಇಲ್ಲದ ವ್ಯಾಪಾರಿ ಮರುತೂಕ ಕೇಳುತ್ತಾನೆ. ಲಾರಿ ಮತ್ತೆ ಕಾಟಾ ಹತ್ತಬೇಕು, ಹಿಂದಿನ ಲಾರಿಗಳು ಗೇಟಿನಲ್ಲಿ ಕಾಯಬೇಕು. ಮರುತೂಕಗಳನ್ನು ಮಿಲ್ಲಿನವರೇ ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಹಿಂದಿನ ವರ್ಷದ ಇದೇ ಹತ್ತು ತಿಂಗಳಲ್ಲಿ 31, ಈ ವರ್ಷ 6. ಈ ಅಂಕಿ ಗಿರಾಕಿಯ ಸ್ವಂತ ಪುಸ್ತಕದ್ದು, ಆದ್ದರಿಂದ ಅದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿಯೂ ಒಂದು ಎಚ್ಚರ ಬೇಕು. ಅದೇ ವರ್ಷ ಕಾಟಾವನ್ನು ರಿಪೇರಿ ಮಾಡಿಸಿ, ಕಾನೂನು ಮಾಪನ ಇಲಾಖೆಯವರಿಂದ ಮುದ್ರೆ ಹಾಕಿಸಲಾಗಿತ್ತು. ಜಗಳ ಕಡಿಮೆಯಾದದ್ದರಲ್ಲಿ ಅದರ ಪಾಲೂ ಇದೆ. ಪೂರ್ತಿ ಕೀರ್ತಿಯನ್ನು ತಂತ್ರಾಂಶವೇ ಹೊತ್ತುಕೊಂಡರೆ, ರಿಪೇರಿಯ ಬಿಲ್ಲು ಕಟ್ಟಿದ ಮಾಲೀಕರು ಉಳಿದ ಮಾತನ್ನೂ ನಂಬಲಾರರು.

ಬರೆಯುವ ಮುನ್ನ ನೋಡಬೇಕಾದ ಮತ್ತೊಂದು ಸಂಗತಿಯಿದೆ. ವಾರವಾರದ ಚೀಟಿಗಳನ್ನು ಎಣಿಸಿದಾಗ ಆಗಸ್ಟ್‌ನಿಂದೀಚೆಗೆ ರಾತ್ರಿ ಪಾಳಿಯ ಚೀಟಿಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಲಾರಿಗಳು ಮಾತ್ರ ಬರುತ್ತಲೇ ಇದ್ದವು. ಯುವಕ ಮಿಲ್ಲಿಗೆ ಹೋಗಿ ವಿಚಾರಿಸಿದ. ರಾತ್ರಿಗೆ ಹೊಸದಾಗಿ ಬಂದವರಿಗೆ ಪಾಸ್‌ವರ್ಡ್ ಯಾರೂ ಹೇಳಿರಲಿಲ್ಲ. ಅವರು ಹಳೆಯ ಪುಸ್ತಕದಲ್ಲೇ ಬರೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಅವರಿಗೆ ಬೇರೆ ಖಾತೆ ತೆರೆದು, ಕೆಲಸ ಕಲಿಸಿ ಬಂದ. ಬಳಕೆ ಕುಗ್ಗುತ್ತಿರುವುದನ್ನು ನೋಡದೆ ಬರೆದ ಓಲೆ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ. ಮಾಲೀಕರು ಅದನ್ನು ಗುಮಾಸ್ತರ ಮುಂದಿಟ್ಟು ಕೇಳುವ ಮೊದಲ ಪ್ರಶ್ನೆಯೇ ‘ಇದನ್ನ ಬಳಸ್ತೀರೇನು?’ ಎಂಬುದು.

ಓಲೆ ಹೋಗಬೇಕಾದ ಕಾಲವೂ ಮುಖ್ಯ. ಮಾರ್ಚ್ ಕೊನೆಯ ವಾರದಲ್ಲಿ ಬಂದರೆ ಅದು ಗದರಿಕೆಯಂತೆ ಕಾಣುತ್ತದೆ, ಲೆಕ್ಕಿಗರಿಗೂ ಆಗ ಪುರುಸೊತ್ತು ಇರುವುದಿಲ್ಲ. ಫೆಬ್ರುವರಿಯ ಮೊದಲ ವಾರವಾದರೆ ಯೋಚಿಸಲು, ಬೇರೆ ಕಡೆ ದರ ವಿಚಾರಿಸಲು ಕೂಡ ಸಮಯವಿರುತ್ತದೆ. ಆ ಸಮಯ ಕೊಡುವವನಿಗೆ ತನ್ನ ಕೆಲಸದ ಮೇಲೆ ಭರವಸೆ ಇದೆ ಎಂದು ಓದುವವರಿಗೆ ಹೇಳದೆಯೇ ತಿಳಿಯುತ್ತದೆ. ಕೊನೆಗೆ ಹೋದ ಓಲೆ ಹೀಗಿತ್ತು:

‘ವಿಷಯ: ಕಾಟಾ ತಂತ್ರಾಂಶದ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ.

ಮಾನ್ಯರೆ, ಮುಂದಿನ ವರ್ಷದ ಶುಲ್ಕ 36,000 ರೂಪಾಯಿ. ಶೇಕಡ 18ರ ಜಿಎಸ್‌ಟಿ 6,480 ಸೇರಿ 42,480. ದರ ಬದಲಾಗಿಲ್ಲ.

ಏಪ್ರಿಲ್‌ನಿಂದ ಜನವರಿವರೆಗೆ ಸುಮಾರು 4,200 ಚೀಟಿಗಳು ಮುದ್ರಣವಾಗಿವೆ. ನಿಮ್ಮ ವಹಿಯ ಪ್ರಕಾರ ಮರುತೂಕ 31ರಿಂದ 6ಕ್ಕೆ ಇಳಿದಿದೆ. ಇದರಲ್ಲಿ ಕಾಟಾ ರಿಪೇರಿಯ ಪಾಲೂ ಇದೆ. ಆಗಸ್ಟ್‌ನಿಂದ ರಾತ್ರಿ ಪಾಳಿಯ ಚೀಟಿಗಳು ತಂತ್ರಾಂಶಕ್ಕೆ ಬಂದಿರಲಿಲ್ಲ. ಕಳೆದ ವಾರ ಅದನ್ನು ಸರಿಪಡಿಸಿದ್ದೇವೆ.

ಮುಂದುವರಿಸುವುದಾದರೆ ಮಾರ್ಚ್ 10ರೊಳಗೆ ತಿಳಿಸಿ, ಬಿಲ್ಲು ಕಳಿಸುತ್ತೇವೆ. ಬೇಡವೆನಿಸಿದರೆ ನಿಮ್ಮ ಎಲ್ಲ ಚೀಟಿಗಳ ದಾಖಲೆಯನ್ನು ಎಕ್ಸೆಲ್ ಕಡತದಲ್ಲಿ ಮಾರ್ಚ್ 31ರೊಳಗೆ ಒಪ್ಪಿಸುತ್ತೇವೆ.’

ಇಷ್ಟೇ. ತೆರಿಗೆ ಸೇರಿದ ಮೊತ್ತ ಮೊದಲೇ ಇರುವುದರಿಂದ ಮಾಲೀಕರು ಇದನ್ನು ಹಾಗೆಯೇ ಲೆಕ್ಕಿಗರಿಗೆ ದಾಟಿಸಬಹುದು. ಕೊನೆಯ ಸಾಲನ್ನು ಕಂಡು ಯುವಕನ ಗೆಳೆಯರು, ಹೋಗುವ ದಾರಿಯನ್ನು ನೀನೇ ತೋರಿಸಿದೆಯಲ್ಲ ಎಂದು ಆಡಿಕೊಂಡರು. ಆದರೆ ದಾಖಲೆ ಮಿಲ್ಲಿನದು. ಅದನ್ನು ಹಿಡಿದಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕಿದರೆ ಒಂದು ವರ್ಷ ಉಳಿದಾರು, ಎರಡನೆಯ ವರ್ಷ ಊರಿಗೆಲ್ಲ ಹೇಳಿ ಹೋಗುತ್ತಾರೆ.

ಎರಡು ವಾರ ಉತ್ತರವಿರಲಿಲ್ಲ. ‘ನೆನಪಿಸುತ್ತಿದ್ದೇನೆ’ ಎಂದು ದಿನವೂ ಬರೆಯುವ ಬದಲು ಅವನು ಒಮ್ಮೆ ಮಾತ್ರ ಬರೆದ. ರಾತ್ರಿ ಪಾಳಿಯ ಚೀಟಿಗಳು ಈಗ ಸರಿಯಾಗಿ ಬರುತ್ತಿವೆ ಎಂಬ ಹೊಸ ಸುದ್ದಿಯೇ ಅದರಲ್ಲಿ ಮೊದಲಿತ್ತು. ಮರುದಿನ ಮಾಲೀಕರ ಫೋನು ಬಂತು: ‘ರಾತ್ರಿದು ನಮಗ ಗೊತ್ತೇ ಇದ್ದಿಲ್ಲ. ಅದಿರಲಿ, ಆರು ಸಾವಿರ ಕಡಿಮಿ ಮಾಡ್ರಿ.’ ಯುವಕ ಒಂದು ಕ್ಷಣ ಸುಮ್ಮನಿದ್ದು ಹೇಳಿದ: ‘ಮಾಡಬಹುದ್ರಿ ಸಾಹುಕಾರ್ರ. ವರ್ಷಕ್ಕ ನಾಲ್ಕು ಸಲ ಬಂದು ನೋಡೋದು ಎರಡೇ ಸಲ ಆಗ್ತದ. ಯಾವುದು ಬೇಕು ಹೇಳ್ರಿ.’ ದರ ಇಳಿಯಬೇಕಾದರೆ ಕೆಲಸವೂ ಇಳಿಯಬೇಕು. ಇಲ್ಲವಾದರೆ ಮೊದಲ ದರವೇ ಸುಳ್ಳಾಗುತ್ತದೆ.

ಸಾಹುಕಾರರು ಸ್ವಲ್ಪ ಹೊತ್ತು ಯೋಚಿಸಿ, ನಾಲ್ಕು ಸಲವೇ ಇರಲಿ, ಬಿಲ್ಲು ಕಳಿಸು ಎಂದರು.