ಸೋಲೋ ಚಾನ್ಸೇ ಇಲ್ಲದ ಟೀಮ್ ಸೋತಾಗ

"ಈ ಟೀಮ್ ಸೋಲೋ ಚಾನ್ಸೇ ಇಲ್ಲ, ಕಣ್ಮುಚ್ಕೊಂಡು ದುಡ್ಡು ಹಾಕು" ಅಂತ ಯಾರಾದ್ರೂ ಅಂದಾಗೆಲ್ಲ ನನಗೆ 2014ರ ಒಂದು ಕೌಂಟರ್-ಸ್ಟ್ರೈಕ್ ಮ್ಯಾಚ್ ನೆನಪಾಗುತ್ತೆ. ಆ ಕಥೆ ನಿಮಗೂ ಗೊತ್ತಿರಲಿ.

ಅಮೆರಿಕದ ಐಬೈಪವರ್ ಆಗ ಅಲ್ಲಿನ ಒಳ್ಳೆ ಟೀಮ್‌ಗಳಲ್ಲಿ ಒಂದು. ಎದುರಿಗಿದ್ದದ್ದು ನೆಟ್‌ಕೋಡ್‌ಗೈಡ್ಸ್ ಅನ್ನೋ ಸಣ್ಣ ಟೀಮ್. ಆನ್‌ಲೈನ್ ಲೀಗಿನ ಮಾಮೂಲಿ ಮ್ಯಾಚ್. ಐಬೈಪವರ್ 16-4ರಲ್ಲಿ ಸೋತುಬಿಟ್ಟಿತು!

ಜನ ಬೆಟ್ ಕಟ್ಟಿದ್ದು ಸ್ಕಿನ್‌ಗಳಲ್ಲಿ. ಸ್ಕಿನ್ ಅಂದ್ರೆ ಆಟದೊಳಗಿನ ಗನ್‌ಗಳ ಡಿಸೈನ್. ನೋಡೋಕೆ ಬರೀ ಬಣ್ಣ, ಆದ್ರೆ ಮಾರಿದ್ರೆ ನಿಜವಾದ ದುಡ್ಡು. 2015ರ ಜನವರಿಯಲ್ಲಿ ರಿಚರ್ಡ್ ಲೂಯಿಸ್ ಅನ್ನೋ ಪತ್ರಕರ್ತರು ಮೆಸೇಜ್‌ಗಳ ಸಾಕ್ಷಿ ಸಮೇತ ವರದಿ ಬರೆದ್ರು. ಆಟದ ಕಂಪನಿ ವಾಲ್ವ್ ತನ್ನ ದಾಖಲೆ ತೆಗೆದು ನೋಡಿತು. ಆ ಮ್ಯಾಚಲ್ಲಿ ಒಬ್ಬ ಗೆದ್ದ ದುಬಾರಿ ಸ್ಕಿನ್‌ಗಳು ಇನ್ನೊಬ್ಬನ ಕೈ ದಾಟಿ ಸೋತ ಟೀಮಿನ ಆಟಗಾರರಿಗೂ, ಎದುರು ಟೀಮಿನ ಸ್ಥಾಪಕನಿಗೂ ಹೋಗಿದ್ವು. ಏಳು ಜನರನ್ನ ವಾಲ್ವ್ ತನ್ನ ಟೂರ್ನಮೆಂಟ್‌ಗಳಿಂದ ಹೊರಗಿಟ್ಟಿತು. ಅವರಲ್ಲಿ ನಾಲ್ವರು ಐಬೈಪವರ್ ಆಟಗಾರರು.

ಈಗ ಬೆಟ್ ಕಟ್ಟುವವನ ಕಡೆಯಿಂದ ಯೋಚನೆ ಮಾಡಿ. ಉದಾಹರಣೆಗೆ, ದೊಡ್ಡ ಟೀಮಿನ ಆಡ್ಸ್ 1.10 ಅಂತಿಟ್ಕೊಳ್ಳಿ. 100 ರೂಪಾಯಿ ಹಾಕಿ ಗೆದ್ರೆ 110 ವಾಪಸ್, ಅಂದ್ರೆ ಲಾಭ ಬರೀ ಹತ್ತು. ಸೋತ್ರೆ ಪೂರ್ತಿ ನೂರು ಹೋಯ್ತು. ಹನ್ನೊಂದು ಮ್ಯಾಚಲ್ಲಿ ಹತ್ತು ಗೆದ್ರೆ ಮಾತ್ರ ಅಸಲು ಸರಿಹೋಗುತ್ತೆ. ಎರಡನೇ ಮ್ಯಾಚ್ ಸೋತ್ರೆ ಲೆಕ್ಕ ಮುಗೀತು.

ಕ್ರಿಕೆಟ್ಟಲ್ಲಿ ಪಿಚ್ ಹೇಗಿದೆ, ಯಾರಿಗೆ ಗಾಯ ಆಗಿದೆ ಅಂತ ಹೇಳೋಕೆ ಎಷ್ಟೋ ವರದಿಗಾರರು ಇರ್ತಾರೆ. ಸಣ್ಣ ಇಸ್ಪೋರ್ಟ್ಸ್ ಮ್ಯಾಚಲ್ಲಿ ಆಟಗಾರರು ತಮ್ಮ ತಮ್ಮ ಮನೇಲಿ ಕೂತಿರ್ತಾರೆ. ಇವತ್ತು ಬದಲಿ ಆಟಗಾರ ಬರ್ತಾನಾ, ಯಾರ ನೆಟ್ ಸರಿಯಿಲ್ಲ, ಪ್ರ್ಯಾಕ್ಟೀಸ್ ಹೇಗೆ ನಡೀತು, ಇದೆಲ್ಲ ಗೊತ್ತಿರೋದು ಆ ಟೀಮಿಗೆ, ಅವರ ಗೆಳೆಯರಿಗೆ ಮಾತ್ರ. ಬಹುಮಾನ ಚಿಕ್ಕದು, ಬೆಟ್ಟಿಂಗ್ ದುಡ್ಡು ದೊಡ್ಡದು ಅಂತಾದ್ರೆ ಸೋಲೋದೇ ಹೆಚ್ಚು ಲಾಭ.

"ಆಡ್ಸ್ ಬದಲಾದ್ರೆ ಗೊತ್ತಾಗಲ್ವಾ?" ಅಂತ ಕೇಳಬಹುದು. ಯಾವ ಸುದ್ದಿಯೂ ಇಲ್ಲದೆ ಮ್ಯಾಚಿಗೆ ಸ್ವಲ್ಪ ಮುಂಚೆ ಸಣ್ಣ ಟೀಮಿನ ಮೇಲೆ ದುಡ್ಡು ಬೀಳೋದು ಅನುಮಾನದ ಗುರುತು ನಿಜ. ಆದ್ರೆ ಬದಲಿ ಆಟಗಾರ ಬಂದಾಗಲೂ ಹಾಗೇ ಆಗುತ್ತೆ. ಎರಡರಲ್ಲಿ ಯಾವುದು ಅಂತ ಸ್ಕ್ರೀನ್ ನೋಡಿ ಹೇಳೋಕಾಗಲ್ಲ. ಸ್ಕಿನ್ ಕೈ ಬದಲಾದ ದಾಖಲೆ ವಾಲ್ವ್ ಹತ್ತಿರ ಇತ್ತು, ಅದಕ್ಕೇ ಸಿಕ್ಕಿಬಿದ್ರು. ಆದ್ರೂ ಅದು ಹೊರಗೆ ಬರೋಕೆ ತಿಂಗಳುಗಳೇ ಬೇಕಾದ್ವು.

2025ರ ಕಾನೂನು ನಮ್ಮ ದೇಶದಲ್ಲಿ ಇಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟು, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿದೆ. ಅದನ್ನ ಪಕ್ಕಕ್ಕಿಟ್ರೂ ಒಂದು ಪ್ರಶ್ನೆ ಉಳಿಯುತ್ತೆ: ನಿಮ್ಮ ಬೆಟ್ಟಿನ ಎದುರು ದುಡ್ಡು ಹಾಕಿದವನು, ನೀವು ಗೆಲ್ತಾನೆ ಅಂತ ನಂಬಿರೋ ಆಟಗಾರನ ಗೆಳೆಯನೇ ಆಗಿದ್ರೆ?

#ಇಸ್ಪೋರ್ಟ್ಸ್ #ಕನ್ನಡದಲ್ಲಿ_ಗೇಮಿಂಗ್