ಒಂದು ಬಾವಿ, ನಾಲ್ಕು ನಕ್ಷೆ

ಅಭ್ಯಾಸ ಬೋಧನೆಗೆ ನನ್ನನ್ನು ಹಾಕಿದ್ದು ಒಂದು ಐಟಿಐನ ಡ್ರಾಫ್ಟ್ಸ್‌ಮನ್ ಸಿವಿಲ್ ವಿಭಾಗಕ್ಕೆ. ಆಟೊಕ್ಯಾಡ್‌ನಲ್ಲಿ ನಾಲ್ವರ ಒಂದು ತಂಡಕ್ಕೆ ಶಾಲಾ ನಿವೇಶನದ ಕೆಲಸ ಕೊಟ್ಟಿದ್ದೆ. ಒಬ್ಬಳು ಗಡಿ, ಮರ, ಬಾವಿ ಇರುವ ಬೇಸ್ ಪ್ಲಾನ್ ನೋಡಿಕೊಳ್ಳಬೇಕು. ಉಳಿದವರಲ್ಲಿ ಒಬ್ಬ ಕಟ್ಟಡ, ಒಬ್ಬ ಚರಂಡಿ, ಒಬ್ಬಳು ನೀರಿನ ಕೊಳವೆ ಬರೆಯಬೇಕು. ಬೇಸ್ ಪ್ಲಾನನ್ನು ಎಲ್ಲರೂ ಪೆನ್‌ಡ್ರೈವ್‌ನಲ್ಲಿ ನಕಲು ಮಾಡಿಕೊಂಡು ಹೋದರು. ನಾನೂ ಸುಮ್ಮನಿದ್ದೆ.

ಮೂರನೆಯ ದಿನ ನಾಲ್ಕು ನಕ್ಷೆಗಳನ್ನು ಒಂದುಗೂಡಿಸಿದಾಗ ಚರಂಡಿ ನೇರವಾಗಿ ಬಾವಿಯ ಮೇಲೆ ಹಾದುಹೋಗಿತ್ತು. ಚರಂಡಿಯ ಹುಡುಗನನ್ನು ತರಗತಿಯೆದುರೇ ಗದರಿಸಿದೆ. ಅವನು ತಲೆತಗ್ಗಿಸಿ ಕುಳಿತ. ಸಂಜೆ ಕಡತಗಳನ್ನು ತೆರೆದು ನೋಡಿದಾಗಲೇ ಗೊತ್ತಾಗಿದ್ದು: ಬೇಸ್ ಪ್ಲಾನಿನ ಹುಡುಗಿ ಮತ್ತೆ ಅಳತೆ ಮಾಡಿ ಬಾವಿಯನ್ನು ಎರಡು ಮೀಟರ್ ಪೂರ್ವಕ್ಕೆ ಸರಿಸಿದ್ದಳು, ಆದರೆ ತನ್ನ ಪ್ರತಿಯಲ್ಲಿ ಮಾತ್ರ. ಹುಡುಗನ ಕೈಲಿದ್ದ ಪ್ರತಿಯ ಪ್ರಕಾರ ಅವನ ಚರಂಡಿ ಸರಿಯಾಗಿಯೇ ಇತ್ತು. ಮರುದಿನ ಎಲ್ಲರೆದುರೇ, ತಪ್ಪು ನನ್ನದು ಎಂದು ಹೇಳಿದೆ. ಅದೇ ವಾರ ನನ್ನ ಅವಲೋಕನದ ಪಾಠವೂ ಇತ್ತು. ಎಕ್ಸ್‌ಟರ್ನಲ್ ರೆಫರೆನ್ಸ್ ಅನ್ನೇ ವಿಷಯವಾಗಿ ಆರಿಸಿಕೊಂಡೆ.

ವ್ಯಾಖ್ಯೆಯಿಂದ ಶುರುಮಾಡಲಿಲ್ಲ. ಗಾಜಿನ ಮೇಜು, ಅದರ ಮೇಲೊಂದು ನಕ್ಷೆ, ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ: ಇದು ಅವರಿಗೆ ಗೊತ್ತಿತ್ತು. ಕೆಳಗಿನ ನಕ್ಷೆ ಕಾಣುತ್ತದೆ, ಆದರೆ ನಾವು ಗೆರೆ ಎಳೆಯುವುದು ಮೇಲಿನ ಹಾಳೆಯ ಮೇಲೆ. ರೆಫರೆನ್ಸ್ ಅಂದರೆ ಅಷ್ಟೇ. ಕೆಳಗಿನ ನಕ್ಷೆ ಬೇರೆಯ ಕಡತದಲ್ಲೇ ಉಳಿಯುತ್ತದೆ.

ಜಾಲದ ಹಂಚಿಕೆಯ ಫೋಲ್ಡರಿನಲ್ಲಿ ಒಂದೇ ಒಂದು `Base.dwg` ಇಟ್ಟೆವು. ಉಳಿದ ಮೂವರು ಅದೇ ಫೋಲ್ಡರಿನಲ್ಲಿ ತಮ್ಮ ಖಾಲಿ ನಕ್ಷೆಯನ್ನು ಉಳಿಸಿ, `XATTACH` ಕೊಟ್ಟು ಅದನ್ನು ತಂದುಕೊಂಡರು. ಸೇರಿಸುವ ಬಿಂದು 0,0,0, ಅಳತೆ 1, ದಾರಿ `Relative path`. ಬಿಂದುವನ್ನು ಮೌಸ್‌ನಿಂದ ಒತ್ತಿ ತೋರಿಸಲು ಬಿಡಲಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಒತ್ತಿದರೆ ನಕ್ಷೆಗಳು ಒಂದರ ಮೇಲೊಂದು ಕೂರುವುದಿಲ್ಲ.

`Attachment` ಮತ್ತು `Overlay` ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಕೊಳವೆಯ ಹುಡುಗಿಗೆ ಕಟ್ಟಡದ ನಕ್ಷೆಯೂ ಬೇಕು. ಕಟ್ಟಡದವನು ಬೇಸ್ ಪ್ಲಾನನ್ನು `Attachment` ಆಗಿ ತಂದಿದ್ದರೆ, ಅವನ ಕಡತದ ಬೆನ್ನಿಗೇ ಅದೂ ಬರುತ್ತದೆ. ಅವಳ ಪರದೆಯಲ್ಲಿ ಆಗಲೇ ಒಂದಿದೆ. ಎರಡೂ ಕರಾರುವಾಕ್ಕಾಗಿ ಒಂದರ ಮೇಲೊಂದು ಇರುವುದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಒಂದನ್ನು ಅಳಿಸಿ ನೋಡಿ, ಬಾವಿ ಇನ್ನೂ ಅಲ್ಲೇ ಇರುತ್ತದೆ! `Overlay` ಆಗಿ ತಂದದ್ದು ತಂದವನ ಕಡತದಲ್ಲಿ ಮಾತ್ರ ಕಾಣುತ್ತದೆ, ಮುಂದಿನವರಿಗೆ ಹೋಗುವುದಿಲ್ಲ. ತಂಡದ ಕೆಲಸಕ್ಕೆ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ಪರೀಕ್ಷೆ. ಬೇಸ್ ಪ್ಲಾನಿನ ಹುಡುಗಿ ಬಾವಿಯನ್ನು ಸರಿಸಿ ಉಳಿಸಿದಳು. ಸ್ವಲ್ಪ ಹೊತ್ತಿಗೆ ಇಬ್ಬರ ಪರದೆಯ ಮೂಲೆಯಲ್ಲಿ, ರೆಫರೆನ್ಸ್ ಬದಲಾಗಿದೆ ಎಂಬ ಸೂಚನೆ ಬಂತು. `Reload` ಒತ್ತಿದರು, ಬಾವಿ ಜರುಗಿತು. ಕೊಳವೆಯ ಹುಡುಗಿಗೆ ಮಾತ್ರ ಸೂಚನೆಯೇ ಬರಲಿಲ್ಲ. ಮೂರು ಸಲ `Reload` ಮಾಡಿದಳು. ಬಾವಿ ಅಲ್ಲಾಡಲಿಲ್ಲ.

ಹಿಂದಿನ ಬೆಂಚಿನಲ್ಲಿ ಅವಲೋಕಕರು ಬರೆದುಕೊಳ್ಳುತ್ತಿದ್ದರು. ನನಗೆ ಬೆವರು. ಹೋಗಿ ನಾನೇ ಸರಿಮಾಡಿಬಿಡೋಣ ಅನ್ನಿಸಿತು, ಆದರೂ ತಡೆದುಕೊಂಡು "ನೀನು ನೋಡ್ತಿರೋ ಕಡತ ಎಲ್ಲಿದೆಯಮ್ಮ?" ಎಂದು ಕೇಳಿದೆ. `XREF` ಪಟ್ಟಿಯಲ್ಲಿ ಹೆಸರು `Base` ಎಂದೇ ಇತ್ತು, ಸ್ಥಿತಿ `Loaded` ಎಂದೇ ಇತ್ತು. ಕೆಳಗೆ `Found At` ಎಂಬಲ್ಲಿ ಮಾತ್ರ ಅವಳ ಡೆಸ್ಕ್‌ಟಾಪಿನ ದಾರಿ. ಮೊದಲ ದಿನದ ಪೆನ್‌ಡ್ರೈವಿನ ಪ್ರತಿ ಅದು. ಫೈಲ್ ಆರಿಸುವಾಗ ಕಿಟಕಿ ಡೆಸ್ಕ್‌ಟಾಪಿಗೆ ತೆರೆದುಕೊಂಡಿತ್ತು, ಹೆಸರು ಒಂದೇ, ಆರಿಸಿಬಿಟ್ಟಳು. ಕಡತ ಸಿಗದಿದ್ದರೆ ತಂತ್ರಾಂಶ `Not Found` ಎಂದು ಕೂಗಿ ಹೇಳುತ್ತದೆ. ತಪ್ಪು ಕಡತ ಸಿಕ್ಕಿದರೆ ಏನೂ ಹೇಳುವುದಿಲ್ಲ. ಅವಳೇ ದಾರಿಯನ್ನು ತಿದ್ದಿದಳು. ನಾಲ್ವರೂ ಹಳೆಯ ಪ್ರತಿಗಳನ್ನು ಅಳಿಸಿದರು. ಈ ಕೆಲಸವನ್ನು ಪಾಠದ ಮೊದಲ ಹೆಜ್ಜೆಯಾಗಿಯೇ ಇಡಬೇಕಿತ್ತು; ಪಾಠ ಯೋಜನೆಯಲ್ಲಿ ಈಗ ಹಾಗೆಯೇ ಬರೆದುಕೊಂಡಿದ್ದೇನೆ.

ಕೊನೆಗೆ ಚರಂಡಿಯ ಹುಡುಗ ಕೈಯೆತ್ತಿದ. "ಸರ್, ಬಾವಿ ಸರೀತು, ಆದ್ರೆ ನನ್ನ ಚರಂಡಿ ಅಲ್ಲೇ ಇದೆಯಲ್ಲ?" ಹೌದು, ಅದು ತಾನಾಗಿ ಸರಿಯುವುದಿಲ್ಲ. ಕೆಳಗಿನ ಹಾಳೆ ಬದಲಾದದ್ದು ಕಾಣುತ್ತದೆ, ಮೇಲಿನ ಗೆರೆಯನ್ನು ನಾವೇ ತಿದ್ದಬೇಕು. ಅವನು ಚರಂಡಿಯನ್ನು ಗಡಿಯ ಪಕ್ಕಕ್ಕೆ ತಿರುಗಿಸಿದ. ಬಾವಿಯ ಹೆಸರು ಅಡ್ಡ ಬರುತ್ತಿದೆ ಎಂದು ಬೇಸ್ ಪ್ಲಾನನ್ನೇ ತೆರೆಯಹೋದ. ಇನ್ನೊಬ್ಬಳು ತೆರೆದಿದ್ದರಿಂದ ಅದು ಓದಲು ಮಾತ್ರ ಎಂದು ಬಂತು. ಎದ್ದು ಅವಳ ಕಂಪ್ಯೂಟರಿನ ಬಳಿಗೇ ಹೋಗಿ ಕೇಳಿಕೊಂಡ.