ಟ್ಯಾಲಿ ಆದರೂ ತಪ್ಪೇ!

ಎರಡು ಕಂಪನಿಗಳ ಲೆಕ್ಕ ಕೂಡಿಸುವ ಕೋಡ್ ಬರೆದಿದ್ದೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಯ್ತು ಅಂತ ಬೀಗ್ತಾ ಇದ್ದೆ. ಅಕೌಂಟ್ಸ್ ಮೇಡಂ ನೋಡಿ ನಕ್ಕುಬಿಟ್ರು.

ವಿಷಯ ಇಷ್ಟೇ. ತಾಯಿ ಕಂಪನಿ 80 ಲಕ್ಷಕ್ಕೆ ಕೊಂಡ ಸರಕನ್ನು, ಅಸಲಿನ ಮೇಲೆ ಶೇ. 25 ಲಾಭ ಇಟ್ಟು, ತನ್ನದೇ ಅಂಗಸಂಸ್ಥೆಗೆ 100 ಲಕ್ಷಕ್ಕೆ ಮಾರಿತ್ತು. ಈ ಒಳಗಿನ ಮಾರಾಟ-ಖರೀದಿ ಎರಡನ್ನೂ ಅಳಿಸಿದ್ದೆ. ಆದರೆ ಮಾರ್ಚ್ 31ಕ್ಕೆ, ಆ ಬೆಲೆಯ ಲೆಕ್ಕದಲ್ಲಿ 40 ಲಕ್ಷದ ಸರಕು ಅಂಗಸಂಸ್ಥೆಯ ಗೋಡೌನಿನಲ್ಲೇ ಉಳಿದಿತ್ತು. ಅದರೊಳಗಿನ ಲಾಭ ಇನ್ನೂ ಲಾಭವಲ್ಲ, ಬಲ ಜೇಬಿನ ದುಡ್ಡು ಎಡ ಜೇಬಿಗೆ ಹೋದ ಹಾಗೆ. ಅದನ್ನೂ ಕಳೆಯಬೇಕು.

ನಾನು 40ರಲ್ಲಿ ಶೇ. 25 ಅಂತ 10 ಲಕ್ಷ ಕಳೆದಿದ್ದೆ.

"ಹಾಗಾದ್ರೆ ಸರಕು 30 ಲಕ್ಷ ಆಯ್ತಲ್ಲಪ್ಪಾ, ನಾವು ಕೊಂಡಿದ್ದೇ 32ಕ್ಕೆ!" ಅಂದ್ರು.

ಹೌದಲ್ವಾ! ಶೇ. 25 ಇದ್ದದ್ದು ಅಸಲಿನ ಮೇಲೆ. 40 ಲಕ್ಷ ಮಾರಿದ ಬೆಲೆ. ಕಳೆಯಬೇಕಾದ್ದು 40 × 25/125, ಅಂದರೆ 8 ಲಕ್ಷ. ಸರಕಿನಲ್ಲೂ ಲಾಭದಲ್ಲೂ ಒಂದೇ ಮೊತ್ತ ಕಳೆಯೋದರಿಂದ, ಎಷ್ಟು ತಪ್ಪಾಗಿ ಕಳೆದರೂ ಶೀಟ್ ಟ್ಯಾಲಿ ಆಗಿಬಿಡುತ್ತೆ...

ಮುಂದಿನ ವರ್ಷ ಸರಕು ಹೊರಗಿನವರಿಗೆ ಮಾರಾಟವಾದರೆ ಆ 8 ಲಕ್ಷ ಲಾಭವಾಗಿ ವಾಪಸ್ ಬರುತ್ತೆ. ಅಲ್ಲಿವರೆಗೆ, ಉಳಿದ ಸರಕು ಮೊದಲ ಅಸಲಿಗೆ ಹೊಂದುತ್ತಾ ಅಂತ ನೋಡುವ ಒಂದು ಟೆಸ್ಟ್ ಕೋಡಿಗೆ ಸೇರಿಸಿದ್ದೀನಿ :)